ಟೂ ಸ್ಟ್ರೋಕ್ ಇಂಜಿನ್: ಹೊಗೆ ಕಾಣುತ್ತದೆ, ಪೆಟ್ರೋಲ್ ಕಾಣುವುದಿಲ್ಲ

(ಸಾರ್ವಜನಿಕ ಉಪನ್ಯಾಸವೊಂದರ ಬರಹ ರೂಪ. ಕೊನೆಯಲ್ಲಿ ಸಭಿಕರು ಕೇಳಿದ ಪ್ರಶ್ನೆಗಳಲ್ಲಿ ಮೂರನ್ನು ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಟೂ ಸ್ಟ್ರೋಕ್ ಇಂಜಿನ್ ಯಾಕೆ ಹೆಚ್ಚು ಮಾಲಿನ್ಯ ಮಾಡುತ್ತದೆ ಎಂದು ಯಾರನ್ನೇ ಕೇಳಿ ನೋಡಿ, "ಆಯಿಲ್ ಸುಡುತ್ತದಲ್ಲ, ಅದಕ್ಕೇ" ಎನ್ನುತ್ತಾರೆ. ಉತ್ತರ ಸುಳ್ಳಲ್ಲ, ಆದರೆ ಅರ್ಧ. ಸೈಲೆನ್ಸರಿನಿಂದ ಬರುವ ನೀಲಿ ಹೊಗೆ ಆಯಿಲಿನದ್ದು, ಕಣ್ಣಿಗೆ ಬೀಳುತ್ತದೆ. ಅದೇ ಸೈಲೆನ್ಸರಿನಿಂದ ಸುಡದೇ ಹೋಗುವ ಹಸಿ ಪೆಟ್ರೋಲು ಆವಿಯಾಗಿ ಹೋಗುತ್ತದೆ, ಅದನ್ನು ಯಾರೂ ನೋಡುವುದಿಲ್ಲ. ದೊಡ್ಡ ಅಪರಾಧಿ ಅದು. ಎರಡಕ್ಕೂ ಮೂಲ ಒಂದೇ ಕಡೆ ಇದೆ. ಟೂ ಸ್ಟ್ರೋಕನ್ನು ಹಗುರ ಮಾಡಿದ್ದು ಯಾವುದೋ, ಕೊಳಕು ಮಾಡಿದ್ದೂ ಅದೇ. ಇವತ್ತು ಆ ಒಂದು ಸಂಗತಿಯ ಬೆನ್ನು ಹತ್ತೋಣ.

ಮೊದಲು ಫೋರ್ ಸ್ಟ್ರೋಕ್. ಇದರ ಬಗ್ಗೆ ಹೆಚ್ಚು ಹೊತ್ತು ನಿಲ್ಲುವುದಿಲ್ಲ, ನಿಮ್ಮಲ್ಲಿ ಬಹಳ ಜನರಿಗೆ ಗೊತ್ತಿರುವುದೇ. ಪಿಸ್ಟನ್ ಕೆಳಗಿಳಿಯುವಾಗ ಗಾಳಿ ಮತ್ತು ಪೆಟ್ರೋಲಿನ ಮಿಶ್ರಣ ಒಳಗೆ ಬರುತ್ತದೆ. ಮೇಲೇರುವಾಗ ಅದು ಒತ್ತಿ ಬಿಗಿಯಾಗುತ್ತದೆ. ಪ್ಲಗ್ ಕಿಡಿ ಕೊಡುತ್ತದೆ, ಉರಿದ ಅನಿಲ ಪಿಸ್ಟನ್ನನ್ನು ಕೆಳಗೆ ತಳ್ಳುತ್ತದೆ. ಮತ್ತೆ ಮೇಲೆ ಬರುವಾಗ ಹೊಗೆಯೆಲ್ಲ ಹೊರಗೆ. ಒಟ್ಟು ನಾಲ್ಕು ಓಟ, ಕ್ರ್ಯಾಂಕಿನ ಎರಡು ಸುತ್ತು, ಒಂದು ಸಲ ಬಲ. ಇದನ್ನು ಕೆಲಸಕ್ಕೆ ಬರುವ ಯಂತ್ರವಾಗಿ 1876ರಲ್ಲಿ ನಿಲ್ಲಿಸಿದವರು ಜರ್ಮನಿಯ ನಿಕೊಲಾಸ್ ಒಟ್ಟೊ. ಇಲ್ಲಿ ನೆನಪಿಡಬೇಕಾದದ್ದು ಒಂದೇ ಮಾತು: ಹೊಗೆ ಹೊರಗೆ ಹಾಕಲು ಪಿಸ್ಟನ್ನಿನ ಒಂದು ಪೂರ್ತಿ ಓಟ ಮೀಸಲು, ಹೊಸ ಮಿಶ್ರಣ ಒಳಗೆ ತರಲು ಇನ್ನೊಂದು ಪೂರ್ತಿ ಓಟ ಮೀಸಲು. ಹಳೆಯದಕ್ಕೂ ಹೊಸದಕ್ಕೂ ಹೆಚ್ಚುಕಡಿಮೆ ಮುಖಾಮುಖಿಯೇ ಆಗುವುದಿಲ್ಲ.

ಈ ಶಿಸ್ತಿಗೆ ಬೆಲೆ ತೆರಬೇಕು. ಎರಡು ವಾಲ್ವ್, ಅವಕ್ಕೆ ಸ್ಪ್ರಿಂಗು, ಅವನ್ನು ಒತ್ತುವ ಕ್ಯಾಮ್ ಶಾಫ್ಟ್, ಅದನ್ನು ಕ್ರ್ಯಾಂಕಿನ ಅರ್ಧ ವೇಗದಲ್ಲಿ ತಿರುಗಿಸುವ ಟೈಮಿಂಗ್ ಚೈನು, ಚೈನಿಗೊಂದು ಟೆನ್ಷನರ್, ಇಷ್ಟಕ್ಕೂ ಎಣ್ಣೆ ಉಣಿಸಲು ಆಯಿಲ್ ಪಂಪು, ಕೆಳಗೆ ಎಣ್ಣೆ ನಿಲ್ಲುವ ಸಂಪು. ಇಂಜಿನ್ನಿನ ತಲೆಯ ಭಾರ ಬಂದದ್ದೇ ಇವುಗಳಿಂದ.

ಟೂ ಸ್ಟ್ರೋಕ್ ಈ ಇಡೀ ಪಟ್ಟಿಯನ್ನು ಹರಿದು ಬಿಸಾಡುತ್ತದೆ. ಸ್ಕಾಟ್ಲೆಂಡಿನ ಡುಗಾಲ್ಡ್ ಕ್ಲರ್ಕ್ 1881ರಲ್ಲಿ ಪೇಟೆಂಟ್ ಪಡೆದ ಟೂ ಸ್ಟ್ರೋಕಿನಲ್ಲಿ ಹೊಸ ಮಿಶ್ರಣವನ್ನು ನೂಕಲು ಪಕ್ಕದಲ್ಲಿ ಬೇರೆಯೇ ಒಂದು ಪಂಪ್ ಸಿಲಿಂಡರ್ ಇತ್ತು. ಅದೇನೂ ಸರಳ ಯಂತ್ರವಾಗಿರಲಿಲ್ಲ. ಸರಳವಾದದ್ದು ಮುಂದೆ 1890ರ ಆಸುಪಾಸಿನಲ್ಲಿ, ಇಂಗ್ಲೆಂಡಿನ ಜೋಸೆಫ್ ಡೇ ಅವರ ಇಂಜಿನ್ನಿನಿಂದ. ಪಿಸ್ಟನ್ನಿಗೆ ಎರಡು ಮುಖ ಇವೆ, ಮೇಲಿನದು ಮಾತ್ರ ಕೆಲಸ ಮಾಡುತ್ತಿದೆ, ಕೆಳಗಿನದು ಸುಮ್ಮನೆ ಮೇಲೆ ಕೆಳಗೆ ಆಡುತ್ತಿದೆ. ಅದನ್ನೇ ಪಂಪ್ ಮಾಡಿದರೆ ಬೇರೆ ಪಂಪ್ ಯಾಕೆ? ಕ್ರ್ಯಾಂಕ್ ಇರುವ ಪೆಟ್ಟಿಗೆಯನ್ನು ಗಾಳಿ ಸೋರದಂತೆ ಬಿಗಿ ಮಾಡಿ. ಪಿಸ್ಟನ್ ಮೇಲೇರುವಾಗ ಕೆಳಗೆ ನಿರ್ವಾತವಾಗುತ್ತದೆ, ಕಾರ್ಬ್ಯುರೇಟರಿನಿಂದ ಮಿಶ್ರಣ ಆ ಪೆಟ್ಟಿಗೆಗೆ ನುಗ್ಗುತ್ತದೆ. ಪಿಸ್ಟನ್ ಕೆಳಗಿಳಿಯುವಾಗ ಅದೇ ಮಿಶ್ರಣ ಒತ್ತಿಕೊಂಡು, ಸಿಲಿಂಡರಿನ ಪಕ್ಕದ ಕಾಲುವೆಗಳ ಮೂಲಕ ಮೇಲಕ್ಕೆ ಚಿಮ್ಮುತ್ತದೆ. ಆ ಕಾಲುವೆಗಳು ತೆರೆಯುವ ಕಿಂಡಿಗೆ ಟ್ರಾನ್ಸ್‌ಫರ್ ಪೋರ್ಟ್ ಎನ್ನುತ್ತಾರೆ. ಎದುರಿಗೆ ಹೊಗೆ ಹೋಗುವ ಎಕ್ಸಾಸ್ಟ್ ಪೋರ್ಟ್. ಎರಡೂ ಗೋಡೆಯಲ್ಲಿ ಕೊರೆದ ತೂತುಗಳಷ್ಟೇ. ಅವನ್ನು ಮುಚ್ಚುವುದೂ ತೆರೆಯುವುದೂ ಪಿಸ್ಟನ್ನಿನ ಪಕ್ಕೆಯೇ. ಕ್ಯಾಮಿಲ್ಲ, ಚೈನಿಲ್ಲ, ಸ್ಪ್ರಿಂಗಿಲ್ಲ. ಅತಿ ಸರಳ ರೂಪದಲ್ಲಿ ಚಲಿಸುವ ಮುಖ್ಯ ಭಾಗಗಳು ಮೂರೇ: ಪಿಸ್ಟನ್, ಕನೆಕ್ಟಿಂಗ್ ರಾಡ್, ಕ್ರ್ಯಾಂಕ್. ಅದರ ಜೊತೆಗೆ ಎರಡೇ ಓಟಕ್ಕೆ, ಅಂದರೆ ಕ್ರ್ಯಾಂಕಿನ ಪ್ರತಿ ಸುತ್ತಿಗೂ ಒಂದು ಬಲ.

ಕೇಳಲು ಬಹಳ ಚಂದ. ಈಗ ಗಡಿಯಾರ ಹಿಡಿದು ನೋಡೋಣ.

100 ಸಿಸಿಯ ಒಂದು ಇಂಜಿನ್ ನಿಮಿಷಕ್ಕೆ 6000 ಸುತ್ತು ತಿರುಗುತ್ತಿದೆ ಎಂದಿಟ್ಟುಕೊಳ್ಳಿ. ಸೆಕೆಂಡಿಗೆ 100 ಸುತ್ತು, ಅಂದರೆ ಒಂದು ಸುತ್ತಿಗೆ 10 ಮಿಲಿಸೆಕೆಂಡ್. ಪಿಸ್ಟನ್ ತುತ್ತತುದಿಯಲ್ಲಿರುವಾಗ ಕ್ರ್ಯಾಂಕಿನ ಕೋನ ಸೊನ್ನೆ. ಬಲ ಕೊಟ್ಟು ಪಿಸ್ಟನ್ ಇಳಿಯುತ್ತಿದೆ. ಸಾಧಾರಣ ಇಂಜಿನ್ನೊಂದರಲ್ಲಿ 95 ಡಿಗ್ರಿಗೆ ಎಕ್ಸಾಸ್ಟ್ ಪೋರ್ಟ್ ತೆರೆಯುತ್ತದೆ ಎನ್ನೋಣ. ಒಳಗಿನ ಒತ್ತಡ ಇನ್ನೂ ಜೋರಾಗಿದೆ, ಹೊಗೆ ಹೊರಕ್ಕೆ ನುಗ್ಗುತ್ತದೆ. ಆ ಒತ್ತಡ ಇಳಿಯಲು 25 ಡಿಗ್ರಿಯ ಅವಕಾಶ ಕೊಟ್ಟು, 120 ಡಿಗ್ರಿಗೆ ಟ್ರಾನ್ಸ್‌ಫರ್ ಪೋರ್ಟ್ ತೆರೆಯುತ್ತದೆ. ಈ ಅಂತರ ಬೇಕೇ ಬೇಕು. ಇಲ್ಲದಿದ್ದರೆ ಉರಿದ ಅನಿಲ ಕಾಲುವೆಯೊಳಗೆ ಹಿಂದಕ್ಕೆ ನುಗ್ಗುತ್ತದೆ. ಕಾಲಕ್ಕೆ ಲೆಕ್ಕ ಹಾಕಿದರೆ ಅದು 0.7 ಮಿಲಿಸೆಕೆಂಡ್.

ಇನ್ನು ಟ್ರಾನ್ಸ್‌ಫರ್ ಪೋರ್ಟ್ ತೆರೆದಿರುವುದು 120ರಿಂದ 240 ಡಿಗ್ರಿಯವರೆಗೆ. 3.3 ಮಿಲಿಸೆಕೆಂಡ್. ಸಿಲಿಂಡರಿನ ಹೊಗೆಯನ್ನೆಲ್ಲ ಹೊರಗೆ ನೂಕಿ ಹೊಸ ಮಿಶ್ರಣ ತುಂಬಲು ಸಿಗುವ ಸಮಯ ಇಷ್ಟೇ. ಅದೇ ವೇಗದ ಫೋರ್ ಸ್ಟ್ರೋಕಿಗೆ ಎರಡು ಪೂರ್ತಿ ಓಟ, ಕನಿಷ್ಠ 10 ಮಿಲಿಸೆಕೆಂಡ್ ಇದೆ. ಅವಸರಕ್ಕಿಂತ ಕೆಟ್ಟದ್ದು ಇನ್ನೊಂದು: ಈ 3.3 ಮಿಲಿಸೆಕೆಂಡಿನುದ್ದಕ್ಕೂ ಎಕ್ಸಾಸ್ಟ್ ಪೋರ್ಟೂ ಬಾಯಿ ತೆರೆದುಕೊಂಡೇ ಇರುತ್ತದೆ. ಹಳೆ ಹೊಗೆಯನ್ನು ಹೊರಗೆ ತಳ್ಳುತ್ತಿರುವುದು ಯಾರು? ಪಿಸ್ಟನ್ ಅಲ್ಲ, ಹೊಸ ಮಿಶ್ರಣವೇ. ರಾಡಿ ನೀರು ತುಂಬಿದ ಬಕೆಟ್ಟಿಗೆ ಒಳ್ಳೆಯ ನೀರು ಸುರಿಯುತ್ತ ರಾಡಿಯನ್ನು ಹೊರಚೆಲ್ಲಿಸಿದ ಹಾಗೆ. ಬಕೆಟ್ಟಿನಲ್ಲಿ ರಾಡಿ ಸ್ವಲ್ಪ ಉಳಿಯುತ್ತದೆ, ಒಳ್ಳೆಯ ನೀರು ಸ್ವಲ್ಪ ನೆಲಕ್ಕೆ ಹೋಗುತ್ತದೆ, ಎರಡನ್ನೂ ಒಟ್ಟಿಗೆ ತಪ್ಪಿಸಲು ಬರುವುದಿಲ್ಲ.

ಇಷ್ಟಕ್ಕೇ ಮುಗಿಯಲಿಲ್ಲ. ಪೋರ್ಟುಗಳು ಗೋಡೆಯ ತೂತುಗಳಾದ್ದರಿಂದ ಪಿಸ್ಟನ್ ಇಳಿಯುವಾಗ ಯಾವ ಎತ್ತರದಲ್ಲಿ ತೆರೆಯಿತೋ, ಏರುವಾಗ ಅದೇ ಎತ್ತರದಲ್ಲಿ ಮುಚ್ಚಬೇಕು. ಮೊದಲು ತೆರೆದದ್ದು ಕೊನೆಗೆ ಮುಚ್ಚುತ್ತದೆ. ಟ್ರಾನ್ಸ್‌ಫರ್ 240 ಡಿಗ್ರಿಗೆ ಮುಚ್ಚಿತು, ಎಕ್ಸಾಸ್ಟ್ ಮುಚ್ಚುವುದು 265ಕ್ಕೆ. ನಡುವಿನ 0.7 ಮಿಲಿಸೆಕೆಂಡಿನಲ್ಲಿ ಹೊಸ ಮಿಶ್ರಣ ಬರುವುದು ನಿಂತಿದೆ, ಪಿಸ್ಟನ್ ಮೇಲೇರುತ್ತಿದೆ, ಎದುರಿಗೆ ಹೊರಬಾಗಿಲು ಇನ್ನೂ ತೆರೆದಿದೆ. ಪಿಸ್ಟನ್ ತನ್ನ ಕೈಯಾರೆ ಒಳ್ಳೆಯ ಪೆಟ್ರೋಲನ್ನು ಸೈಲೆನ್ಸರಿಗೆ ತಳ್ಳುತ್ತದೆ. ಫೋರ್ ಸ್ಟ್ರೋಕಿನಲ್ಲಿ ಯಾವ ವಾಲ್ವ್ ಯಾವಾಗ ಮುಚ್ಚಬೇಕು ಎಂದು ಕ್ಯಾಮಿನ ಆಕಾರದಲ್ಲಿ ಕೆತ್ತಬಹುದು. ಕ್ಯಾಮನ್ನೇ ಬಿಸಾಡಿದ ಯಂತ್ರಕ್ಕೆ ಆ ಸ್ವಾತಂತ್ರ್ಯವಿಲ್ಲ.

ಹೀಗೆ ಸೋರಿಹೋಗುವುದು ಎಷ್ಟು? ಇಂಜಿನ್ನಿನ ವಿನ್ಯಾಸ, ವೇಗ, ಥ್ರಾಟಲ್ ನೋಡಿಕೊಂಡು ಬದಲಾಗುತ್ತದೆ, ಆದರೆ ಕಾರ್ಬ್ಯುರೇಟರ್ ಇರುವ ಹಳೆಯ ಮಾದರಿಯ ಇಂಜಿನ್ನುಗಳಲ್ಲಿ ಶೇ. 20ರಿಂದ 40ರಷ್ಟು ಎನ್ನುವುದು ಸಾಮಾನ್ಯ ಲೆಕ್ಕ. ಶೇ. 30 ಎಂದು ಹಿಡಿದರೂ ಒಂದು ಲೀಟರ್ ಪೆಟ್ರೋಲಿನಲ್ಲಿ 300 ಮಿಲಿ ಕಿಡಿಯನ್ನೇ ಕಾಣದೆ ಗಾಳಿಗೆ ಸೇರಿತು. ಹೈಡ್ರೋಕಾರ್ಬನ್ ಮಾಲಿನ್ಯ ಎಂದು ಪರೀಕ್ಷೆಯ ಚೀಟಿಯಲ್ಲಿ ಕಾಣುವುದರಲ್ಲಿ ದೊಡ್ಡ ಪಾಲು ಇದೇ. ಮೈಲೇಜ್ ಕಡಿಮೆ ಎನ್ನುವ ದೂರಿನ ಮೂಲವೂ ಇದೇ.

ಇಂಜಿನಿಯರುಗಳು ಕೈಕಟ್ಟಿ ಕೂರಲಿಲ್ಲ. ಹಳೆಯ ಇಂಜಿನ್ನುಗಳಲ್ಲಿ ಪಿಸ್ಟನ್ನಿನ ತಲೆಯ ಮೇಲೆ ಒಂದು ದಿಣ್ಣೆ ಇರುತ್ತಿತ್ತು, ಬಂದ ಮಿಶ್ರಣ ನೇರ ಎದುರಿನ ಪೋರ್ಟಿಗೆ ಹೋಗದಂತೆ ಮೇಲಕ್ಕೆ ತಿರುಗಿಸಲು. ಪಿಸ್ಟನ್ ಭಾರವಾಗುತ್ತಿತ್ತು, ಕಾಯುತ್ತಿತ್ತು. 1920ರ ದಶಕದಲ್ಲಿ ಜರ್ಮನಿಯ ಅಡಾಲ್ಫ್ ಶ್ನ್ಯೂರ್ಲೆ, ಎಕ್ಸಾಸ್ಟಿನ ಎರಡೂ ಪಕ್ಕದಲ್ಲಿ ಟ್ರಾನ್ಸ್‌ಫರ್ ಪೋರ್ಟುಗಳನ್ನು ಇಟ್ಟು, ಅವುಗಳ ಬಾಯಿಯನ್ನು ಎಕ್ಸಾಸ್ಟಿನ ಎದುರು ಗೋಡೆಯ ಕಡೆಗೆ ತಿರುಗಿಸಿದರು. ಎರಡು ಧಾರೆ ಆ ಗೋಡೆಗೆ ಬಡಿದು ಮೇಲೇರಿ, ತಲೆಯ ಹತ್ತಿರ ಮಗುಚಿ, ಹೊಗೆಯನ್ನು ಮುಂದೆ ದೂಡುತ್ತ ಇಳಿಯುತ್ತವೆ. ಪಿಸ್ಟನ್ ತಲೆ ಹೆಚ್ಚುಕಡಿಮೆ ಚಪ್ಪಟೆಯಾಯಿತು. ಇಂದಿನ ಬಹುತೇಕ ಸಣ್ಣ ಟೂ ಸ್ಟ್ರೋಕುಗಳು ಈ ದಾರಿಯಲ್ಲೇ ಇವೆ. ಅದರ ಮೇಲೆ ಬಂದದ್ದು ಹೊಟ್ಟೆ ಉಬ್ಬಿದ ಎಕ್ಸಾಸ್ಟ್ ಪೈಪು. ಹೊಗೆಯ ಮೊದಲ ಹೊಡೆತ ಪೈಪಿನಲ್ಲಿ ಒತ್ತಡದ ಅಲೆಯಾಗಿ ಓಡಿ, ಕೊನೆಯ ಕಿರಿದಾದ ಭಾಗಕ್ಕೆ ಬಡಿದು ವಾಪಸಾಗುತ್ತದೆ. ಅಳತೆ ಸರಿಯಿದ್ದರೆ ಅದು ಆ ಕೊನೆಯ 0.7 ಮಿಲಿಸೆಕೆಂಡಿಗೆ ಸರಿಯಾಗಿ ಪೋರ್ಟಿಗೆ ಬಂದು, ಹೊರಗೆ ಹೋಗಿದ್ದ ಮಿಶ್ರಣವನ್ನು ಒಳಗೆ ನೂಕುತ್ತದೆ. ಅದ್ಭುತ ಉಪಾಯ, ಆದರೆ ಅಲೆಯ ವೇಗ ಇಂಜಿನ್ ವೇಗದ ಮಾತು ಕೇಳುವುದಿಲ್ಲ. ಒಂದು ಕಿರಿದಾದ ವೇಗದ ಪಟ್ಟಿಯಲ್ಲಿ ಮಾತ್ರ ಅದು ಸಮಯಕ್ಕೆ ಬರುತ್ತದೆ. ಒಂದು ವೇಗ ದಾಟಿದ ಕೂಡಲೇ ಟೂ ಸ್ಟ್ರೋಕ್ ಗಾಡಿ ಚಂಗನೆ ಎಗರುವುದು ಈ ಕಾರಣಕ್ಕೆ.

ಪ್ರತಿ ಸುತ್ತಿಗೂ ಬಲ ಇದ್ದರೆ ಫೋರ್ ಸ್ಟ್ರೋಕಿನ ಎರಡರಷ್ಟು ಶಕ್ತಿ ಬರಬೇಕಲ್ಲ ಎಂದು ನಿಮಗೆ ಅನಿಸಬಹುದು. ಬರುವುದಿಲ್ಲ. ನಮ್ಮ ಲೆಕ್ಕದ ಇಂಜಿನ್ನಿನಲ್ಲೇ ನೋಡಿ. ಎಕ್ಸಾಸ್ಟ್ ಮುಚ್ಚಿದ ಮೇಲೆ ಪಿಸ್ಟನ್ನಿಗೆ ಉಳಿದಿರುವುದು ಓಟದ ಸುಮಾರು ಶೇ. 60 ಮಾತ್ರ. ಕಾಗದದ ಮೇಲೆ 100 ಸಿಸಿ, ನಿಜವಾಗಿ ಮಿಶ್ರಣ ಒತ್ತುವುದು 60 ಸಿಸಿಯಲ್ಲಿ. ಅದರಲ್ಲೂ ಹಳೆ ಹೊಗೆಯ ಪಾಲಿದೆ. ಪೈಪಿನ ಸಹಾಯ ಸೇರಿಸಿಕೊಂಡರೆ ಅಷ್ಟೇ ಸಿಸಿಯ ಫೋರ್ ಸ್ಟ್ರೋಕಿಗಿಂತ ಸುಮಾರು ಒಂದೂವರೆ ಪಟ್ಟು ಎಂದಿಟ್ಟುಕೊಳ್ಳಬಹುದು. ತೂಕವೂ ಕಡಿಮೆಯಾದ್ದರಿಂದ ಒಂದು ಕಿಲೋ ಇಂಜಿನ್ನಿಗೆ ಸಿಗುವ ಶಕ್ತಿಯಲ್ಲಿ ಇದನ್ನು ಹಿಂದಿಕ್ಕುವುದು ಕಷ್ಟ. ಕೈಯಲ್ಲಿ ಎತ್ತಿ ಹಿಡಿದು ಮರ ಕೊಯ್ಯುವ ಯಂತ್ರದಲ್ಲಿ ಇವತ್ತಿಗೂ ಇದು ಉಳಿದಿರುವುದಕ್ಕೆ ಅದೇ ಕಾರಣ. ಸಂಪಿನಲ್ಲಿ ಎಣ್ಣೆ ಇಲ್ಲ, ಹಾಗಾಗಿ ತಲೆಕೆಳಗಾಗಿ ಹಿಡಿದರೂ ಓಡುತ್ತದೆ.

ಹಾಗಾದರೆ ಎಣ್ಣೆ ಎಲ್ಲಿದೆ? ಈಗ ಹೊಗೆಯ ವಿಷಯಕ್ಕೆ ಬಂದೆವು. ಕ್ರ್ಯಾಂಕ್ ಪೆಟ್ಟಿಗೆ ಪಂಪಿನ ಕೆಲಸಕ್ಕೆ ಹೋಯಿತು, ಪ್ರತಿ ಸುತ್ತಿಗೂ ಅದರೊಳಗಿಂದ ಮಿಶ್ರಣ ಗುಡಿಸಿಕೊಂಡು ಹೋಗುತ್ತದೆ. ಅಲ್ಲಿ ಎಣ್ಣೆ ನಿಲ್ಲಿಸಿದರೆ ಅದೂ ಸಿಲಿಂಡರಿಗೆ ಹಾರಿಹೋಗುತ್ತದೆ. ಅದಕ್ಕೇ ಎಣ್ಣೆಯನ್ನು ಪೆಟ್ರೋಲಿನ ಜೊತೆಗೇ ಕಳಿಸುತ್ತಾರೆ. 50ಕ್ಕೆ 1 ಎಂದರೆ ಲೀಟರಿಗೆ 20 ಮಿಲಿ. ಬಿಸಿ ಪೆಟ್ಟಿಗೆಯಲ್ಲಿ ಪೆಟ್ರೋಲು ಆವಿಯಾಗುತ್ತದೆ, ಎಣ್ಣೆ ಸಣ್ಣ ಹನಿಗಳಾಗಿ ಉಳಿದು ಬೇರಿಂಗ್, ರಾಡಿನ ತುದಿ, ಸಿಲಿಂಡರ್ ಗೋಡೆಯ ಮೇಲೆ ಕೂರುತ್ತದೆ. ಅಷ್ಟು ತೆಳುವಾದ ಎಣ್ಣೆಯಲ್ಲಿ ಬದುಕಬೇಕಾದ್ದರಿಂದ ಒಳಗೆಲ್ಲ ಬಾಲ್ ಮತ್ತು ರೋಲರ್ ಬೇರಿಂಗುಗಳೇ. ಒತ್ತಡದ ಎಣ್ಣೆ ಬೇಡುವ ಪಟ್ಟಿ ಬೇರಿಂಗ್ ಇಲ್ಲಿ ನಡೆಯುವುದಿಲ್ಲ. ಕೆಲಸ ಮುಗಿದ ಎಣ್ಣೆ ವಾಪಸ್ ಬರುವುದಿಲ್ಲ. ಮಿಶ್ರಣದ ಜೊತೆ ಮೇಲೆ ಹೋಗಿ, ಒಂದಷ್ಟು ಉರಿದು, ಒಂದಷ್ಟು ಉರಿಯದೆ ಸೂಕ್ಷ್ಮ ಹನಿಗಳ ಮಂಜಾಗಿ ಹೊರಬೀಳುತ್ತದೆ. ನಾವು ನೀಲಿ ಹೊಗೆ ಎನ್ನುವುದರಲ್ಲಿ ಸುಟ್ಟ ಎಣ್ಣೆಗಿಂತ ಸುಡದ ಎಣ್ಣೆಯ ಪಾಲೇ ದೊಡ್ಡದು. ಸೈಲೆನ್ಸರಿನ ತುದಿಯನ್ನು ಬೆರಳಲ್ಲಿ ಒರೆಸಿ ನೋಡಿ, ಕಪ್ಪಗೆ ಜಿಡ್ಡಾಗಿರುತ್ತದೆ. ಫೋರ್ ಸ್ಟ್ರೋಕಿನದು ಒಣ ಮಸಿ.

ಕ್ರ್ಯಾಂಕ್ ಪೆಟ್ಟಿಗೆ ಪಂಪ್ ಆಗಿರುವುದರಿಂದ ರೋಗಗಳೂ ವಿಚಿತ್ರ. ಕ್ರ್ಯಾಂಕಿನ ಎರಡು ತುದಿಯಲ್ಲೂ ಆಯಿಲ್ ಸೀಲ್ ಇರುತ್ತದೆ. ಗೇರ್‌ಬಾಕ್ಸ್ ಕಡೆಯ ಸೀಲ್ ಹೋದರೆ ಪೆಟ್ಟಿಗೆಯ ನಿರ್ವಾತ ಗೇರ್ ಆಯಿಲನ್ನೇ ಎಳೆದುಕೊಳ್ಳುತ್ತದೆ. ದಟ್ಟ ಬಿಳಿ ಹೊಗೆ, ಹೊರಗೆಲ್ಲೂ ಸೋರದಿದ್ದರೂ ಗೇರ್ ಆಯಿಲ್ ಮಟ್ಟ ಇಳಿಯುತ್ತ ಹೋಗುವುದು, ಇವೆರಡೂ ಒಟ್ಟಿಗೆ ಕಂಡರೆ ಪತ್ತೆ ಸಿಕ್ಕಂತೆ. ಆ ಕಡೆಯ, ಅಂದರೆ ಮ್ಯಾಗ್ನೆಟ್ ಕಡೆಯ ಸೀಲ್ ಹೋದರೆ ಹೊಗೆಯೇ ಇರುವುದಿಲ್ಲ, ಅದು ಇನ್ನೂ ಅಪಾಯ. ಅಲ್ಲಿಂದ ಬರೀ ಗಾಳಿ ಒಳಗೆ ಬರುತ್ತದೆ, ಮಿಶ್ರಣದಲ್ಲಿ ಪೆಟ್ರೋಲು ಕಡಿಮೆ, ಅದರ ಜೊತೆ ಎಣ್ಣೆಯೂ ಕಡಿಮೆ. ಥ್ರಾಟಲ್ ಬಿಟ್ಟರೂ ಇಂಜಿನ್ ಬೇಗ ಇಳಿಯದೆ ಕೂಗುತ್ತಲೇ ಇರುತ್ತದೆ. ಪ್ಲಗ್ ಬಿಚ್ಚಿದರೆ ಬೆಳ್ಳಗಿರುತ್ತದೆ. ಈ ಲಕ್ಷಣ ಕಂಡ ಮೇಲೂ ಓಡಿಸಿದರೆ ಪಿಸ್ಟನ್ ಸೀಜ್ ಆಗುತ್ತದೆ.

ಇನ್ನೊಂದು ಸಂದರ್ಭ ಹೇಳಿಬಿಡುತ್ತೇನೆ. ಟ್ಯಾಂಕಿನಲ್ಲೇ ಎಣ್ಣೆ ಬೆರೆಸುವ ಗಾಡಿಯನ್ನು ಉದ್ದ ಇಳಿಜಾರಿನಲ್ಲಿ ಥ್ರಾಟಲ್ ಪೂರ್ತಿ ಮುಚ್ಚಿ, ಗೇರಿನಲ್ಲೇ ಬಿಟ್ಟು ಇಳಿಸಿದರೆ ಇಂಜಿನ್ ಜೋರಾಗಿ ತಿರುಗುತ್ತಿದೆ, ಪೆಟ್ರೋಲು ತೀರಾ ಕಡಿಮೆ ಬರುತ್ತಿದೆ, ಹಾಗಾಗಿ ಎಣ್ಣೆಯೂ ತೀರಾ ಕಡಿಮೆ. ಹಳಬರು ಇಳಿಜಾರಿನಲ್ಲಿ ಆಗಾಗ ಥ್ರಾಟಲ್ ಚಿಟುಕಿಸುತ್ತಿದ್ದದ್ದು ಶೋಕಿಗಲ್ಲ.

ಐಡಲ್‌ನಲ್ಲಿ ನಿಂತಿರುವ ಟೂ ಸ್ಟ್ರೋಕಿನ ಸದ್ದು ಕೇಳಿಸಿಕೊಂಡಿದ್ದೀರಾ? ಒಂದೇ ತಾಳದಲ್ಲಿರುವುದಿಲ್ಲ, ಟಣ್, ಟಣ್‌ಟಣ್, ಟಣ್ ಎಂದು ತಪ್ಪುತ್ತಿರುತ್ತದೆ. ಥ್ರಾಟಲ್ ಮುಚ್ಚಿರುವಾಗ ಬರುವ ಹೊಸ ಮಿಶ್ರಣ ತೀರಾ ಕಡಿಮೆ, ಸಿಲಿಂಡರಿನಲ್ಲಿ ಬಹುಪಾಲು ಹಳೆ ಹೊಗೆಯೇ. ಕಿಡಿ ಬಿದ್ದರೂ ಹತ್ತಿಕೊಳ್ಳುವುದಿಲ್ಲ. ಮುಂದಿನ ಸುತ್ತಿನಲ್ಲಿ ಇನ್ನೊಂದಿಷ್ಟು ಮಿಶ್ರಣ ಬರುತ್ತದೆ, ಹತ್ತದೆ ಉಳಿದದ್ದರಲ್ಲಿ ಒಂದು ಭಾಗ ಹಾಗೇ ಹೊರಗೆ ಹೋಗುತ್ತದೆ. ಎರಡು ಮೂರು ಸುತ್ತಿನ ನಂತರ ಒಳಗಿನದು ಸಾಕಷ್ಟು ಶುದ್ಧವಾದಾಗ ಒಂದು ಸಲ ಹೊತ್ತುತ್ತದೆ. ಸಿಗ್ನಲ್ಲಿನಲ್ಲಿ ನಿಂತ ಗಾಡಿಯಿಂದ ಬರುವ ಹಸಿ ಪೆಟ್ರೋಲಿನ ವಾಸನೆಗೆ ಇದೂ ಒಂದು ಕಾರಣ. ನ್ಯಾಯವಾಗಿ ಹೇಳಬೇಕಾದ ಇನ್ನೊಂದು ಮಾತಿದೆ: ಒಳಗೆ ಉಳಿಯುವ ಈ ಹೊಗೆ ಉರಿಯ ಬಿಸಿಯನ್ನು ತಗ್ಗಿಸುವುದರಿಂದ ನೈಟ್ರೋಜನ್ ಆಕ್ಸೈಡುಗಳು ಸಣ್ಣ ಟೂ ಸ್ಟ್ರೋಕಿನಲ್ಲಿ ಫೋರ್ ಸ್ಟ್ರೋಕಿಗಿಂತ ಸಾಮಾನ್ಯವಾಗಿ ಕಡಿಮೆಯೇ.

ಇನ್ನು ಪ್ರಶ್ನೆಗಳು.

"ಎಣ್ಣೆ ಸ್ವಲ್ಪ ಕಡಿಮೆ ಹಾಕಿದರೆ ಹೊಗೆ ಕಡಿಮೆಯಾಗುವುದಿಲ್ಲವೇ ಸಾರ್?" ಎಂದು ಒಬ್ಬರು ಕೇಳಿದರು. ಆಗುತ್ತದೆ, ಇಂಜಿನ್ ಬದುಕಿರುವವರೆಗೆ. ತಯಾರಕರು ಹೇಳಿದ ಪ್ರಮಾಣಕ್ಕಿಂತ ಇಳಿಯಬೇಡಿ. ಹೊಗೆ ಕಡಿಮೆ ಬೇಕಿದ್ದರೆ ಎಣ್ಣೆಯ ಜಾತಿ ಬದಲಿಸಿ, ಕಡಿಮೆ ಹೊಗೆಯ 2ಟಿ ಆಯಿಲ್ ಸಿಗುತ್ತದೆ. ಫೋರ್ ಸ್ಟ್ರೋಕಿನ ಎಣ್ಣೆಯನ್ನಂತೂ ಹಾಕಲೇಬೇಡಿ, ಅದನ್ನು ಮಾಡಿರುವುದು ಸಂಪಿನಲ್ಲಿ ಬಾಳಲು, ಉರಿದು ಹೋಗಲು ಅಲ್ಲ. ಅದರ ಬೂದಿ ಪ್ಲಗ್ಗಿಗೂ ಪಿಸ್ಟನ್ ತಲೆಗೂ ಕಚ್ಚಿಕೊಳ್ಳುತ್ತದೆ. ಹಾಗೆಂದು ಜಾಸ್ತಿ ಹಾಕಿದರೆ ಕ್ಷೇಮ ಎಂದೂ ಇಲ್ಲ. ಕಾರ್ಬ್ಯುರೇಟರಿನ ಜೆಟ್ಟಿನಿಂದ ಬರುವ ದ್ರವದಲ್ಲಿ ಎಣ್ಣೆಯ ಪಾಲು ಹೆಚ್ಚಾದರೆ ಪೆಟ್ರೋಲಿನ ಪಾಲು ಅಷ್ಟು ಕಡಿಮೆಯಾಯಿತು, ಪ್ಲಗ್ ಕಟ್ಟಿಕೊಳ್ಳುವುದು ಬೇರೆ.

ಇನ್ನೊಬ್ಬರದು: "ಪೆಟ್ರೋಲನ್ನು ತಡವಾಗಿ ಕೊಟ್ಟರೆ?" ಸರಿಯಾದ ಜಾಗಕ್ಕೇ ಕೈ ಹಾಕಿದರು. ಗುಡಿಸುವ ಕೆಲಸ ಬರೀ ಗಾಳಿ ಮಾಡಲಿ, ಎಕ್ಸಾಸ್ಟ್ ಮುಚ್ಚಿದ ಮೇಲೆ ಇಂಜೆಕ್ಟರ್ ನೇರವಾಗಿ ಸಿಲಿಂಡರಿಗೆ ಪೆಟ್ರೋಲ್ ಚಿಮುಕಿಸಲಿ. ದೋಣಿಗಳ ಹಿಂದೆ ತೂಗುಹಾಕುವ ಇಂಜಿನ್ನುಗಳಲ್ಲಿ ಇದನ್ನು ಮಾಡಿ ಗೆದ್ದಿದ್ದಾರೆ. ಕಿಡಿ ಪಿಸ್ಟನ್ ತುದಿ ಮುಟ್ಟುವುದಕ್ಕೆ ಸ್ವಲ್ಪ ಮೊದಲೇ ಬೀಳುವುದರಿಂದ ನಮ್ಮ 6000 ಸುತ್ತಿನ ಇಂಜಿನ್ನಿನಲ್ಲಿ ಅದಕ್ಕೆ ಸಿಗುವುದು ಸುಮಾರು 2 ಮಿಲಿಸೆಕೆಂಡ್ ಮಾತ್ರ. ಅಷ್ಟರೊಳಗೆ ಪೆಟ್ರೋಲು ಹುಡಿಯಾಗಿ, ಆವಿಯಾಗಿ, ಬೆರೆಯಬೇಕು. ಪಂಪು, ಇಂಜೆಕ್ಟರು, ಕಂಪ್ಯೂಟರ್ ಎಲ್ಲ ಬಂದ ಮೇಲೆ ಸರಳ, ಅಗ್ಗ ಎನ್ನುವ ಮಾತು ಹೋಯಿತು. ಎಣ್ಣೆ ಕಡಿಮೆ ಸಾಕಾದರೂ ಪೂರ್ತಿ ತಪ್ಪುವುದಿಲ್ಲ. ಮರ ಕೊಯ್ಯುವ ಯಂತ್ರಗಳಲ್ಲಿ ಅಗ್ಗದ ಉಪಾಯ ಮಾಡಿದ್ದಾರೆ: ಟ್ರಾನ್ಸ್‌ಫರ್ ಕಾಲುವೆಯ ಮೇಲ್ತುದಿಗೆ ಮೊದಲೇ ಬರೀ ಗಾಳಿ ತುಂಬಿಸಿಡುತ್ತಾರೆ. ಪೋರ್ಟ್ ತೆರೆದಾಗ ಮೊದಲು ಹೋಗುವುದು ಆ ಗಾಳಿ, ಸೋರಿದರೂ ಬಹುಪಾಲು ಗಾಳಿಯೇ ಸೋರುತ್ತದೆ.

ಕೊನೆಯ ಪ್ರಶ್ನೆ ಹಿಂದಿನ ಸಾಲಿನ ವಿದ್ಯಾರ್ಥಿನಿಯದು. "ದೊಡ್ಡ ಹಡಗುಗಳ ಇಂಜಿನ್ ಟೂ ಸ್ಟ್ರೋಕ್ ಅಂತ ಓದಿದ್ದೆ. ಅವು ಹೇಗೆ ನಡೆಯುತ್ತವೆ?" ನಿಜ, ಸಿಲಿಂಡರಿನ ಒಳವ್ಯಾಸವೇ ಒಂದು ಮೀಟರಿಗೆ ಹತ್ತಿರ ಇರುವ ಆ ಡೀಸೆಲ್‌ಗಳು ಟೂ ಸ್ಟ್ರೋಕೇ, ಇಂಧನದ ಶಕ್ತಿಯಲ್ಲಿ ಸುಮಾರು ಅರ್ಧವನ್ನು ಕೆಲಸವಾಗಿಸುತ್ತವೆ. ರಸ್ತೆಯ ಸಾಮಾನ್ಯ ಪೆಟ್ರೋಲ್ ಇಂಜಿನ್ನುಗಳು ಅದರ ಹತ್ತಿರ ಸುಳಿಯುವುದಿಲ್ಲ. ಅಲ್ಲಿ ಗುಡಿಸುವುದು ಬರೀ ಗಾಳಿ, ಡೀಸೆಲ್ ಸಿಲಿಂಡರಿಗೆ ಬರುವುದು ಎಲ್ಲ ಮುಚ್ಚಿದ ಮೇಲೆ. ಗಾಳಿ ನೂಕಲು ಟರ್ಬೊ ಇದೆ, ಹಾಗಾಗಿ ಕ್ರ್ಯಾಂಕ್ ಪೆಟ್ಟಿಗೆ ಪಂಪಿನ ಕೆಲಸದಿಂದ ಬಿಡುಗಡೆ ಹೊಂದಿ ತನ್ನ ಎಣ್ಣೆಯನ್ನು ತಾನೇ ಇಟ್ಟುಕೊಂಡಿದೆ. ಗಾಳಿ ತಳದ ಪೋರ್ಟುಗಳಿಂದ ಬಂದು, ತಲೆಯಲ್ಲಿರುವ ಎಕ್ಸಾಸ್ಟ್ ವಾಲ್ವಿನಿಂದ ಹೊರಗೆ ಹೋಗುತ್ತದೆ, ಒಂದೇ ದಿಕ್ಕು. ಮುಖ್ಯವಾಗಿ ಅವಸರವಿಲ್ಲ. ನಿಮಿಷಕ್ಕೆ 100 ಸುತ್ತು, ಅಂದರೆ ಅದೇ 120 ಡಿಗ್ರಿಗೆ 3.3ರ ಬದಲು 200 ಮಿಲಿಸೆಕೆಂಡ್. ಸಿಲಿಂಡರ್ ಗೋಡೆಗೆ ಮಾತ್ರ ಪ್ರತ್ಯೇಕ ಎಣ್ಣೆ ಅಳೆದು ಹನಿಸುತ್ತಾರೆ, ಅದಂತೂ ಅಲ್ಲೂ ಉರಿದೇ ಹೋಗುತ್ತದೆ. ಆ ಹಡಗುಗಳ ಮೇಲಿರುವ ದೂರು ಗಂಧಕದ್ದು, ನೈಟ್ರೋಜನ್ ಆಕ್ಸೈಡಿನದ್ದು. ಸುಡದ ಇಂಧನ ಬಾಗಿಲಿನಿಂದ ಸೋರಿಹೋಗುತ್ತದೆ ಎಂದು ಅವುಗಳ ಮೇಲೆ ಯಾರೂ ದೂರುವುದಿಲ್ಲ.